ಕಾರ್ಡಲ್ಲಿ ಹಸಿರು, ಅತ್ತೆ ಕಣ್ಣಿಗೆ ಕಡ್ಡಿ: ಮಗು ಊಟದ ಜಗಳ

ತೀರ್ಥಹಳ್ಳಿ ಸೊಸೆ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ 2 ವರ್ಷ 8 ತಿಂಗಳು. ತೂಕ ಹನ್ನೊಂದೂವರೆ ಕೆಜಿ. ದಿನವಿಡೀ ಓಡಾಡುತ್ತಾಳೆ, ಬಾಯಿ ತುಂಬ ಮಾತು. ಊಟ ಅಂದರೆ ಮಾತ್ರ ಮನೆಯಲ್ಲಿ ಯುದ್ಧ.

ಮಧ್ಯಾಹ್ನ 12ಕ್ಕೆ ಅತ್ತೆ ತಟ್ಟೆ ಹಿಡಿದು ಕೂತರೆ ಏಳುವುದು ಒಂದೂವರೆಗೆ. ಅನ್ನ, ಸಾರು, ತುಪ್ಪ ನುಣ್ಣಗೆ ಕಲಸಿ, ಎದುರಿಗೆ ಮೊಬೈಲ್ ಒರಗಿಸಿಟ್ಟು ಒಂದೊಂದೇ ತುತ್ತು ತುರುಕುತ್ತಾರೆ. ಇವಳು ನುಂಗುವುದಿಲ್ಲ. ಎಡಗೆನ್ನೆಯಲ್ಲಿ ಉಂಡೆ ಮಾಡಿ ಇಟ್ಟುಕೊಂಡು ವಿಡಿಯೋ ನೋಡುತ್ತಾಳೆ. ಅತ್ತೆ ಬೆರಳಲ್ಲಿ ಕೆನ್ನೆ ಒತ್ತಿ "ನುಂಗು, ನುಂಗು" ಅನ್ನುತ್ತಾರೆ. ಕಳೆದ ಶುಕ್ರವಾರ ಅಷ್ಟನ್ನೂ ವಾಂತಿ ಮಾಡಿದಳು. ಬಾಯಿ ತೊಳೆಸಿ ಬಂದವರೇ "ಹೊಟ್ಟೆ ಖಾಲಿ ಆಯ್ತಲ್ಲ" ಅಂತ ಮತ್ತೆ ಅರ್ಧ ಬಟ್ಟಲು ಕಲಸಿಕೊಂಡು ಬಂದರು. ಅವರಿಗೆ ಮೊಮ್ಮಗಳ ಮೇಲೆ ಜೀವ. ಅದಕ್ಕೇ ಬೈಯುವುದಕ್ಕೂ ಆಗುವುದಿಲ್ಲ.

ಪಕ್ಕದ ಮನೆಯಲ್ಲಿ ಇವಳದೇ ವಯಸ್ಸಿನ ಹುಡುಗ ಇದ್ದಾನೆ, 16 ಕೆಜಿ. ತೋಳಲ್ಲಿ ಮಡಿಕೆ, ಕೆನ್ನೆ ತುಂಬಿಕೊಂಡು ಮುದ್ದಾಗಿದ್ದಾನೆ. ಹೋದವರು ಬಂದವರು ಅವನನ್ನೇ ಎತ್ತಿಕೊಳ್ಳುತ್ತಾರೆ. ಮೊನ್ನೆ ಒಂದು ಮದುವೆಯಲ್ಲಿ ನಮ್ಮವರ ದೊಡ್ಡಮ್ಮ ಎಲ್ಲರೆದುರು "ಅಂಗಡಿ ಚೆನ್ನಾಗೇ ನಡೀತಿದೆಯಲ್ಲೋ, ಮಗು ಯಾಕೆ ಹಿಂಗೆ ಸೊರಗಿದೆ?" ಅಂದುಬಿಟ್ಟರು. ಅವತ್ತಿನಿಂದ ನಮ್ಮವರೂ ಅಮ್ಮನ ಪಕ್ಷ. ಹಸಿವಾಗುವ ಸಿರಪ್ ಅಂತ ಒಂದು ಬಾಟಲಿ ಬೇರೆ ತಂದಿಟ್ಟಿದ್ದಾರೆ. ಇನ್ನೂ ಕೊಟ್ಟಿಲ್ಲ.

ಇವಳು ನಿಜಕ್ಕೂ ಕಮ್ಮಿ ಇದ್ದಾಳಾ? ತಿಳಿದವರು ಹೇಳಿ.

ಕೆರೆಕೋಡಿ ಮಂಜಣ್ಣ

ಅಮ್ಮಾ, ನಮ್ಮ ಹುಡುಗನದ್ದೂ ಇದೇ ಕಥೆ. 48 ಕೆಜಿ ದಾಟುತ್ತಲೇ ಇರಲಿಲ್ಲ. ರಾತ್ರಿ ಎರಡು ಪಚ್ಚಬಾಳೆ, ಬೆಳಗ್ಗೆ ಎರಡು ಮೊಟ್ಟೆ, ಜೊತೆಗೆ ನೆನೆಸಿದ ಕಡ್ಲೇಕಾಯಿ ಬೀಜ. ಆರು ತಿಂಗಳಲ್ಲಿ 54 ಆದ. ಈಗ ಜಿಮ್ಮಿಗೂ ಹೋಗುತ್ತಾನೆ. ಟ್ರೈ ಮಾಡಿ.

ತೀರ್ಥಹಳ್ಳಿ ಸೊಸೆ

ಅಣ್ಣಾ, ನಿಮ್ಮ ಹುಡುಗನಿಗೆ ವಯಸ್ಸೆಷ್ಟು?

ಕೆರೆಕೋಡಿ ಮಂಜಣ್ಣ

ಹತ್ತೊಂಬತ್ತು. ಓ, ನಿಮ್ಮದು ಚಿಕ್ಕ ಮಗುವಾ! ಪೂರ್ತಿ ಓದಿರಲಿಲ್ಲ. ಬಾಳೆಹಣ್ಣಂತೂ ಕೊಡಬಹುದು.

ರಂಗನಾಥ ತುಮಕೂರು

ಇದಕ್ಕೆಲ್ಲ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ? ಅಜ್ಜಿ ಪ್ರೀತಿಯಿಂದ ತಿನ್ನಿಸುತ್ತಾರೆ, ತಿನ್ನಿಸಲಿ ಬಿಡಿ. ದಪ್ಪ ಆದರೆ ಆಗಲಿ. ಎತ್ತರ ಬೆಳೆಯುವಾಗ ತಾನಾಗಿ ಇಳಿಯುತ್ತದೆ. ಒಂದು ವರ್ಷದ ನನ್ನ ಫೋಟೋ ನೋಡಿದರೆ ನಗು ಬರುತ್ತದೆ, ಮುಖದಲ್ಲಿ ಕಣ್ಣೇ ಕಾಣುವುದಿಲ್ಲ. ಹೈಸ್ಕೂಲಿಗೆ ಬರುವಷ್ಟರಲ್ಲಿ ಕಡ್ಡಿ ಆಗಿದ್ದೆ. ಇನ್ನು ಈ ಮಕ್ಕಳ ತೂಕದ ಚಾರ್ಟ್ ಗೀರ್ಟ್ ಎಲ್ಲ ಬಿಳಿಯರ ಮಕ್ಕಳನ್ನು ನೋಡಿ ಮಾಡಿರುವುದು.

ಹಾಸನ ಮಕ್ಕಳ ಡಾಕ್ಟರು

ಸೊಸೆ ಅವರೇ, ಒಂದು ದಿನದ ತೂಕ ನೋಡಿ ಏನೂ ಹೇಳಲಾಗುವುದಿಲ್ಲ. ತಾಯಿ ಕಾರ್ಡಲ್ಲಿ ಹಿಂದಿನ ತೂಕಗಳು ಇರುತ್ತವಲ್ಲ, ಅವು ಬೇಕು. ಎತ್ತರ ಬೇಕು. ಇನ್ನೊಂದು ಮುಖ್ಯ: ನಿನ್ನೆ ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಮಗುವಿನ ಬಾಯಿಗೆ ಹೋದದ್ದೆಲ್ಲ ಬರೆಯಿರಿ. ಊಟ ಮಾತ್ರ ಅಲ್ಲ. ಕುಡಿದದ್ದು, ನೆಕ್ಕಿದ್ದು, ಅಂಗಡಿಯಲ್ಲಿ ತಾತ ಕೊಡಿಸಿದ್ದು, ಎಲ್ಲ.

ರಂಗನಾಥ್, ಆ ಚಾರ್ಟಿನ ಬಗ್ಗೆ ಒಂದು ಮಾತು. 2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ಚಾರ್ಟನ್ನೇ ನಮ್ಮ ಕಾರ್ಡಲ್ಲೂ ಹಾಕಿರುವುದು. ಆರು ದೇಶಗಳ ಮಕ್ಕಳನ್ನು ಅಳೆದು ಮಾಡಿದ್ದು. ಅದರಲ್ಲಿ ನಮ್ಮ ದಕ್ಷಿಣ ದೆಹಲಿಯ ಮಕ್ಕಳೂ ಇದ್ದಾರೆ, ಘಾನಾ, ಒಮಾನ್ ಮಕ್ಕಳೂ ಇದ್ದಾರೆ. ಸರಿಯಾಗಿ ಹಾಲೂಡಿಸಿದ, ಆರೋಗ್ಯವಾದ ಮನೆಯ ಮಕ್ಕಳು ಯಾವ ದೇಶದಲ್ಲಾದರೂ ಐದು ವರ್ಷದವರೆಗೆ ಹೆಚ್ಚು ಕಡಿಮೆ ಒಂದೇ ಥರ ಬೆಳೆಯುತ್ತಾರೆ ಅಂತ ಅದರಲ್ಲಿ ಕಂಡಿತು.

ತೀರ್ಥಹಳ್ಳಿ ಸೊಸೆ

ಕಾರ್ಡ್ ಸಿಕ್ಕಿತು ಸರ್. ಹುಟ್ಟಿದಾಗ 2.6 ಕೆಜಿ. ಆರು ತಿಂಗಳಿಗೆ 6.5. ವರ್ಷಕ್ಕೆ 8. ಎರಡು ವರ್ಷಕ್ಕೆ 10.2. ಈಗ 11.5. ಎತ್ತರ ನಿನ್ನೆ ಗೋಡೆಗೆ ನಿಲ್ಲಿಸಿ ಅಳೆದೆ, 89 ಸೆಂಟಿಮೀಟರ್.

ನಿನ್ನೆ ತಿಂದದ್ದು: ಎದ್ದ ತಕ್ಷಣ ಒಂದು ಲೋಟ ಹಾಲು. ಒಂಬತ್ತಕ್ಕೆ ಅರ್ಧ ಇಡ್ಲಿ. ಹನ್ನೊಂದಕ್ಕೆ ಎರಡು ಬಿಸ್ಕತ್ತು. ಹನ್ನೆರಡರಿಂದ ಆ ಅನ್ನದ ಯುದ್ಧ, ಒಳಗೆ ಹೋದದ್ದು ಒಂದು ಎಂಟು ತುತ್ತು ಇರಬಹುದು. "ಏನೂ ತಿನ್ನಲಿಲ್ಲ, ಹಾಲಾದರೂ ಕುಡೀಲಿ" ಅಂತ ನಾಲ್ಕಕ್ಕೆ ಇನ್ನೊಂದು ಲೋಟ. ಸಂಜೆ ತಾತನ ಜೊತೆ ಹೋಗಿ ಒಂದು ಚಿಕ್ಕ ಚಿಪ್ಸ್ ಪ್ಯಾಕೆಟ್. ರಾತ್ರಿ ಮೂರು ತುತ್ತು ಚಪಾತಿ. ಮಲಗುವಾಗ ಮತ್ತೊಂದು ಲೋಟ ಹಾಲು, ಅದು ಬಾಟಲಿಯಲ್ಲಿ.

ಲೋಟ ಅಂದರೆ ಸ್ಟೀಲಿನ ದೊಡ್ಡ ಲೋಟ. ನೀರು ಹಾಕಿ ಅಳೆದೆ, 250 ಎಂಎಲ್. ನೀಲಿ ಪ್ಯಾಕೆಟ್ ಹಾಲು. ಪ್ರತಿ ಲೋಟಕ್ಕೂ ಎರಡು ಚಮಚ ಸಕ್ಕರೆ, ಎರಡು ದೊಡ್ಡ ಚಮಚ ಪೌಡರ್.

ಹಾಸನ ಮಕ್ಕಳ ಡಾಕ್ಟರು

ಇಷ್ಟು ಚೆನ್ನಾಗಿ ಬರೆದುಕೊಟ್ಟವರು ನನ್ನ ಕ್ಲಿನಿಕ್ಕಿನಲ್ಲೂ ಕಡಿಮೆ. ಪರೀಕ್ಷೆ ಮಾಡದೆ ಕೊನೇ ಮಾತು ಹೇಳಲಾರೆ, ಆದರೆ ನೀವು ಕೊಟ್ಟದ್ದರಲ್ಲೇ ತುಂಬ ಇದೆ.

ಮೊದಲು ತೂಕ. ಈ ವಯಸ್ಸಿನ ಹೆಣ್ಣುಮಕ್ಕಳಿಗೆ ಚಾರ್ಟಿನ ನಡುಗೆರೆ ಸುಮಾರು 13 ಕೆಜಿ. ಸರಿಯಾದ ತೂಕದ ಹಸಿರು ಪಟ್ಟಿ ಮುಗಿದು ಕಡಿಮೆ ತೂಕದ ಹಳದಿ ಶುರುವಾಗುವುದು ಹತ್ತೂಕಾಲರ ಹತ್ತಿರ. ನಿಮ್ಮವಳು ಹನ್ನೊಂದೂವರೆ, ಅಂದರೆ ಹಸಿರಿನ ಒಳಗೇ, ಕೆಳಭಾಗದಲ್ಲಿದ್ದಾಳೆ. ಈಗ ಹಳೆಯ ಚುಕ್ಕೆಗಳನ್ನು ಸೇರಿಸಿ ಗೆರೆ ಎಳೆಯಿರಿ. ಆರು ತಿಂಗಳು, ವರ್ಷ, ಎರಡು ವರ್ಷ, ಈಗ, ನಾಲ್ಕೂ ಕಡೆ ನಡುಗೆರೆಯಿಂದ ಕೆಳಗೆ ಹೆಚ್ಚು ಕಡಿಮೆ ಅದೇ ಅಂತರದಲ್ಲಿದ್ದಾಳೆ. ಅವಳ ದಾರಿ ಅದು. ಎತ್ತರವೂ ಅದೇ ಲೆಕ್ಕಕ್ಕೆ ಹೊಂದುತ್ತದೆ. ಸಣ್ಣ ಮೈಕಟ್ಟಿನ ಮಗು, ಅಷ್ಟೇ. ನಾನು ಭಯಪಡುವುದು ಗೆರೆ ಮಲಗಿದಾಗ, ಇಲ್ಲಾ ಕೆಳಗಿನ ಪಟ್ಟಿಗೆ ಇಳಿದಾಗ. ಮೇಲಿನ ಪಟ್ಟಿಗೆ ಏಕಾಏಕಿ ಹಾರಿದರೂ ಭಯವೇ, ಆದರೆ ಆಗ ಯಾರೂ ಮಗುವನ್ನು ತೋರಿಸಲು ಕರೆತರುವುದಿಲ್ಲ.

ಅತ್ತೆಯವರಿಗೆ ಯಾಕೆ ಹಾಗನ್ನಿಸುತ್ತದೆ ಅಂತ ನೋಡಿ. ಮೊದಲ ವರ್ಷ ಅವಳು 5.4 ಕೆಜಿ ಏರಿದಳು. ಎರಡನೇ ವರ್ಷ ಬರೀ 2.2. ಎಲ್ಲ ಮಕ್ಕಳೂ ಹೀಗೇ. ವರ್ಷದ ಮೇಲೆ ಬೆಳವಣಿಗೆಯ ಓಟ ನಿಧಾನವಾಗುತ್ತದೆ, ಹಸಿವೂ ಅದರ ಜೊತೆ ಇಳಿಯುತ್ತದೆ. ಅದೇ ಹೊತ್ತಿಗೆ ನಡೆಯಲು, ಓಡಲು ಶುರುಮಾಡಿ ಕೈಕಾಲು ಉದ್ದವಾಗಿ ಗುಂಡುಗಲ್ಲ ಕರಗುತ್ತದೆ. ಚೆನ್ನಾಗಿ ತಿನ್ನುತ್ತಿದ್ದ ಮಗು ತಟ್ಟೆ ತಳ್ಳುತ್ತದೆ. ಮನೆಯವರಿಗೆ ಏನೋ ಆಯಿತು ಅನ್ನಿಸುತ್ತದೆ. ದೃಷ್ಟಿ ಅನ್ನುವವರೂ ಇದ್ದಾರೆ.

ಈಗ ನಿಮ್ಮ ಲೆಕ್ಕ. ಈ ವಯಸ್ಸಿಗೆ ದಿನಕ್ಕೆ ಬೇಕಾದದ್ದು ಸುಮಾರು 1000 ಕ್ಯಾಲೊರಿ. ನಿಮ್ಮ ಒಂದು ಲೋಟದಲ್ಲಿ ಹಾಲಿನದು 150, ಸಕ್ಕರೆಯದು 40, ಪೌಡರಿನದು 75. ಒಟ್ಟು 265. ಮೂರು ಲೋಟಕ್ಕೆ 800 ಹತ್ತಿರ ಬಂತು. ಬಿಸ್ಕತ್ತು, ಚಿಪ್ಸ್, ಅರ್ಧ ಇಡ್ಲಿ ಸೇರಿಸಿದರೆ ಅನ್ನದ ತಟ್ಟೆ ಬರುವ ಮೊದಲೇ ಅವಳ ದಿನದ ಲೆಕ್ಕ ಮುಗಿದಿದೆ. ಮಗು ಊಟ ಬಿಟ್ಟಿಲ್ಲ. ಊಟವನ್ನು ಕುಡಿಯುತ್ತಿದೆ.

ಇದರಲ್ಲಿ ತೂಕಕ್ಕಿಂತ ನನಗೆ ಚಿಂತೆ ರಕ್ತದ್ದು. ಹಾಲಲ್ಲಿ ಕಬ್ಬಿಣದ ಅಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬರೀ ಹಾಲಲ್ಲಿ ಹೊಟ್ಟೆ ತುಂಬಿಸಿಕೊಂಡ ಮಗುವಿಗೆ ಸೊಪ್ಪು, ಕಾಳು, ರಾಗಿ, ಮೊಟ್ಟೆ ಯಾವುದಕ್ಕೂ ಜಾಗ ಇರುವುದಿಲ್ಲ. ರಕ್ತ ಕಡಿಮೆಯಾದರೆ ಹಸಿವು ಇನ್ನೂ ಸಾಯುತ್ತದೆ. ಅನ್ನ ಬೇಡ ಅನ್ನುತ್ತದೆ, ಮನೆಯವರು ಮತ್ತೆ ಹಾಲು ಕೊಡುತ್ತಾರೆ. ಮಲಬದ್ಧತೆ ಇದೆಯಾ?

ತೀರ್ಥಹಳ್ಳಿ ಸೊಸೆ

ಇದೆ ಸರ್! ಮೂರು ದಿನಕ್ಕೊಮ್ಮೆ, ಅದೂ ಅಳುತ್ತಾ. ಅನ್ನ ತಿನ್ನದೆ ಹೀಗಾಗಿದೆ ಅಂತ ಅಂದುಕೊಂಡಿದ್ದೆವು.

ರಂಗನಾಥ ತುಮಕೂರು

ಹಾಲೂ ತಪ್ಪು ಅಂದರೆ ಮಕ್ಕಳಿಗೆ ಇನ್ನೇನು ಕೊಡುವುದು ಡಾಕ್ಟ್ರೇ? ಸರ್ಕಾರವೇ ಶಾಲೆಯಲ್ಲಿ ಹಾಲು ಕೊಡುತ್ತದಲ್ಲ.

ಹಾಸನ ಮಕ್ಕಳ ಡಾಕ್ಟರು

ಹಾಲು ತಪ್ಪಲ್ಲ ರಂಗನಾಥ್. ದಿನಕ್ಕೆ 400 ಎಂಎಲ್ ಕುಡಿಯಲಿ, ಮೊಸರೂ ಆ ಲೆಕ್ಕದಲ್ಲೇ. ಅರ್ಧ ಲೀಟರ್ ದಾಟಬಾರದು. ಕ್ಷೀರಭಾಗ್ಯದಲ್ಲಿ ಕೊಡುವುದು ಒಂದು ಪುಟ್ಟ ಲೋಟ, ಊಟದ ಬದಲು ಅಲ್ಲ. ಎರಡೂವರೆ ವರ್ಷದ ಮಗುವಿಗೆ ರಾತ್ರಿ ಬಾಟಲಿ ಮಾತ್ರ ಬೇಡವೇ ಬೇಡ, ಮುಂದಿನ ಹಲ್ಲು ಹುಳುಕಾಗುತ್ತವೆ.

ಇಂಡಿ ಅಜ್ಜಿ

ನನ್ನ ಮೊಮ್ಮಗಳು ಈ ಮಾತುಗಳನ್ನೆಲ್ಲ ಓದಿ ಹೇಳಿದಳು. ನಾನು ಹೇಳಿದ್ದನ್ನು ಅವಳೇ ಟೈಪ್ ಮಾಡುತ್ತಿದ್ದಾಳೆ. ನೀವೆಲ್ಲ ಆ ಅತ್ತೆಯನ್ನು ತಿಳಿಗೇಡಿ ಅಂದುಕೊಂಡಿದ್ದೀರಿ ಅಂತ ಕಾಣುತ್ತದೆ. ಅದಕ್ಕೆ ಬರೆಸುತ್ತಿದ್ದೇನೆ.

1972ರ ಬರ ನಮ್ಮ ಕಡೆ ಬಂದಾಗ ನನಗೆ ಹದಿನಾರು. ನಮ್ಮ ಮನೆಯಲ್ಲಿ ನೆಲದೊಳಗೆ ಜೋಳ ತುಂಬಿಡುವ ಹಗೇವು ಖಾಲಿಯಾಗಿತ್ತು. ನನ್ನ ತಮ್ಮನಿಗೆ ಮೂರು ವರ್ಷ. ಅವನಿಗೆ ದಡಾರ ಎದ್ದಿತು, ಅದರ ಹಿಂದೆಯೇ ಭೇದಿ ಹತ್ತಿತು. ಎಲುಬಿನ ಗೂಡಿನಂಥ ಕೂಸು ಅದು. ನಾಲ್ಕು ದಿನಕ್ಕೆ ಹೋಯಿತು. ಅದೇ ವಾರ ಗೌಡರ ಮನೆಯ ಕೂಸಿಗೂ ದಡಾರ ಎದ್ದಿತ್ತು. ಮೈತುಂಬಿಕೊಂಡಿದ್ದ ಕೂಸು, ಹದಿನೈದು ದಿನ ಮಲಗಿ ಅರ್ಧ ಕರಗಿ ಹೋಯಿತು, ಆದರೆ ಎದ್ದು ಕೂತಿತು. ಈಗ ಅವನಿಗೂ ಮೊಮ್ಮಕ್ಕಳಿದ್ದಾರೆ.

ನಮಗೆ ಕೂಸಿನ ಮೈಯ ಮಾಂಸ ಅಂದರೆ ಹಗೇವಿನ ಜೋಳ ಇದ್ದ ಹಾಗೆ. ಕೆಟ್ಟ ಕಾಲಕ್ಕೆ ಇರಲಿ ಅಂತ. ಕನ್ಯೆ ನೋಡಲು ಹೋದಾಗ ಆ ಮನೆಯ ಹುಡುಗರ ಕೆನ್ನೆ ನೋಡಿದರೆ ಹಗೇವಿನಲ್ಲಿ ಎಷ್ಟಿದೆ ಅಂತ ತಿಳಿಯುತ್ತಿತ್ತು. ಈಗ ನೀವು ಗೆರೆ, ಪಟ್ಟಿ ಅನ್ನುತ್ತೀರಿ. ಅನ್ನಿರಿ. ಆದರೆ ನಾಳೆ ಆ ಕೂಸಿಗೆ ಎಂಟು ದಿನ ಜ್ವರ ಬಂದರೆ ಕರಗಲಿಕ್ಕೆ ಮೈಯಲ್ಲಿ ಏನಿದೆ?

ಹಾಸನ ಮಕ್ಕಳ ಡಾಕ್ಟರು

ಅಜ್ಜಿ, ನಿಮ್ಮ ಮಾತನ್ನು ಎರಡು ಸಲ ಓದಿದೆ. ನೀವು ಕಂಡದ್ದು ನಿಜ. ತೀರಾ ಸೊರಗಿದ ಮಗುವಿಗೆ ದಡಾರ, ಭೇದಿ ಬಂದರೆ ಇವತ್ತಿಗೂ ಜೀವಕ್ಕೆ ಅಪಾಯ.

ಆದರೆ ಆ ಹಗೇವಿನ ಕೆಲಸವನ್ನು ಈಗ ಬೇರೆಯವು ಮಾಡುತ್ತಿವೆ. ದಡಾರಕ್ಕೆ ಒಂಬತ್ತು ತಿಂಗಳಿಗೊಂದು, ಒಂದೂವರೆ ವರ್ಷದ ಹೊತ್ತಿಗೆ ಇನ್ನೊಂದು ಲಸಿಕೆ ಇದೆ. ಭೇದಿಗೆ ಓಆರ್‌ಎಸ್ ಮತ್ತು ಜಿಂಕ್ ಇದೆ. ಎಂಟು ದಿನದ ಜ್ವರದಲ್ಲಿ ಈ ಮಗು ಅರ್ಧ ಕೆಜಿ ಇಳಿಯಬಹುದು. ಆಮೇಲೆ ಎರಡು ವಾರ ಅದೇ ಕೇಳಿ ಕೇಳಿ ತಿನ್ನುತ್ತದೆ. ಹೆಚ್ಚಿಗೆ ಕೊಡಬೇಕಾದ ಹೊತ್ತು ಅದು. ಹಸಿರು ಪಟ್ಟಿಯಲ್ಲಿರುವ ಮಗುವಿನ ಮೈಯಲ್ಲಿ ಅಷ್ಟು ಜೋಳ ಇದ್ದೇ ಇರುತ್ತದೆ ಅಜ್ಜಿ.

ಇನ್ನೊಂದು ಸಂಗತಿ ಅಜ್ಜಿಯಂದಿರಿಗೆ ಕಾಣುವುದಿಲ್ಲ, ನಮಗೂ ಬಹಳ ಕಾಲ ಕಂಡಿರಲಿಲ್ಲ. ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ 1997-98ರ ಹೊತ್ತಿಗೆ ಹುಟ್ಟಿದ ಕೂಸುಗಳನ್ನು ಅಳತೆ ಮಾಡಿ, ದೊಡ್ಡವರಾಗುವವರೆಗೂ ಹಿಂಬಾಲಿಸಿದ್ದಾರೆ. ಇಂಗ್ಲೆಂಡಿನ ಕೂಸುಗಳ ಜೊತೆ ಹೋಲಿಸಿದರೆ ನಮ್ಮವು ತೂಕ, ಎತ್ತರ, ತೋಳು ಎಲ್ಲದರಲ್ಲೂ ಚಿಕ್ಕವು. ಬೆನ್ನ ಮೇಲಿನ ಚರ್ಮದ ಮಡಿಕೆ ಮಾತ್ರ ಅಷ್ಟೇನೂ ಚಿಕ್ಕದಿರಲಿಲ್ಲ. ಅಂದರೆ ಮಾಂಸಖಂಡ ಕಡಿಮೆ, ಕೊಬ್ಬು ಅಷ್ಟು ಕಡಿಮೆ ಇಲ್ಲ. ನಾವು ಸಣ್ಣ ಅಂದುಕೊಂಡ ಮಗು ಒಳಗಿನಿಂದ ಅಷ್ಟೇನೂ ಸಣ್ಣ ಅಲ್ಲ. ಅದಕ್ಕೆ ಸಕ್ಕರೆ, ಬಿಸ್ಕತ್ತು, ತುಪ್ಪ ಸುರಿದರೆ ಬೆಳೆಯುವುದು ತೋಳಲ್ಲ, ಹೊಟ್ಟೆ.

ದೆಹಲಿಯಲ್ಲೂ ಹೀಗೆ ಹುಟ್ಟಿದಾಗಿನಿಂದ ಅಳೆದ ಮಕ್ಕಳನ್ನು ಮೂವತ್ತರ ಆಸುಪಾಸಿನಲ್ಲಿ ಮತ್ತೆ ಪರೀಕ್ಷಿಸಿದರು. 2004ರಲ್ಲಿ ಆ ವರದಿ ಬಂತು. ಸಕ್ಕರೆ ಕಾಯಿಲೆ ಬಂದವರು, ಅದರ ಅಂಚಿಗೆ ಬಂದವರು ಚಿಕ್ಕಂದಿನಲ್ಲಿ ಗುಂಡಗಿದ್ದವರಲ್ಲ. ಎರಡು ವರ್ಷದವರೆಗೆ ಉಳಿದವರಿಗಿಂತ ತೆಳ್ಳಗಿದ್ದವರು, ಆಮೇಲೆ ಹನ್ನೆರಡರವರೆಗೆ ಬೇಗ ಬೇಗ ಮೈ ತುಂಬಿಕೊಂಡವರು. ಹನ್ನೆರಡರಲ್ಲೂ ಅವರ್ಯಾರೂ ಬೊಜ್ಜಿನವರಲ್ಲ, ನೋಡುವವರಿಗೆ "ಈಗ ಪರವಾಗಿಲ್ಲ, ಮೈಗೆ ಹತ್ತಿದೆ" ಅನ್ನಿಸುವ ಹಾಗಿದ್ದರು. ಅಂದರೆ ನಾವು ಸಂತೋಷಪಡುವ ಆ ಬದಲಾವಣೆಯೇ!

ರಂಗನಾಥ ತುಮಕೂರು

ಹಾಗಾದರೆ ನನ್ನ ಕಥೆ ಏನು? ಗುಂಡಗಿದ್ದು ಇಳಿದೆನಲ್ಲ.

ಹಾಸನ ಮಕ್ಕಳ ಡಾಕ್ಟರು

ನೀವು ಅರ್ಧ ಸರಿ. ನಿಮ್ಮ ಫೋಟೋ ಒಂದು ವರ್ಷದ್ದು. ಎದೆಹಾಲಿನ ಕಾಲದ ಆ ಗುಂಡು ಬಹಳ ಮಕ್ಕಳಲ್ಲಿ ಇಳಿದೇ ಇಳಿಯುತ್ತದೆ. ಮಗು ಅತ್ಯಂತ ತೆಳ್ಳಗೆ ಕಾಣುವುದು ಐದು, ಆರರ ಹೊತ್ತಿಗೆ, ಪಕ್ಕೆಲುಬು ಎಣಿಸುವ ಹಾಗೆ. ಅದಾದ ಮೇಲೆ ನಿಧಾನಕ್ಕೆ ತುಂಬಿಕೊಳ್ಳಬೇಕು. ಆ ತಿರುವು ಮೂರು, ನಾಲ್ಕು ವರ್ಷಕ್ಕೇ ಬಂದುಬಿಟ್ಟರೆ ಅಥವಾ ಆರು ವರ್ಷದಲ್ಲೂ ಮಗು ಗುಂಡಗೇ ಇದ್ದರೆ ತಾನಾಗಿ ಇಳಿಯುತ್ತದೆ ಅಂತ ಕೂರಬೇಡಿ.

ಬಸವನಗುಡಿ ಅಪ್ಪ

ಇಷ್ಟು ದಿನ ಬರೀ ಓದುತ್ತಿದ್ದೆ. ಈಗ ಬರೆಯಲೇಬೇಕು. ನಮ್ಮನೆಯಲ್ಲಿ ಇದರ ಮುಂದಿನ ಭಾಗ ನಡೆದಿದೆ.

ನನ್ನ ಮಗ ಆರೂವರೆ ವರ್ಷಕ್ಕೆ 32 ಕೆಜಿ, ಎತ್ತರ 120. ಅಪಾರ್ಟ್‌ಮೆಂಟಲ್ಲಿ ಎಲ್ಲರ ಮುದ್ದಿನ ಗುಂಡು. ಶಾಲೆಯ ಡಬ್ಬಿ ಖಾಲಿ ಬಂದರೆ ನಮಗೆ ಹಬ್ಬ. ಖಾಲಿ ಮಾಡಿದ ದಿನ ಐಸ್‌ಕ್ರೀಂ. ನಾನೇ ಶುರುಮಾಡಿದ್ದು, ಹೆಂಡತಿಯ ತಪ್ಪಿಲ್ಲ. ನಾನು ಹಾಸ್ಟೆಲಿನಲ್ಲಿ ಅರೆಹೊಟ್ಟೆ ಉಂಡು ಓದಿದವನು. ಮಗ ಎರಡನೇ ಸಲ ಹಾಕಿಸಿಕೊಂಡರೆ ನನಗೆ ಹೊಟ್ಟೆ ತುಂಬುತ್ತಿತ್ತು.

ಅವನ ಕತ್ತಿನ ಹಿಂಭಾಗ ಕಪ್ಪಗಾಗಿತ್ತು. ಕೊಳೆ ಅಂದುಕೊಂಡು ಪ್ರತಿ ಭಾನುವಾರ ನಮ್ಮಮ್ಮ ಕಡ್ಲೆಹಿಟ್ಟು, ಮೊಸರು ಹಚ್ಚಿ ತಿಕ್ಕುತ್ತಿದ್ದರು. ಅವನು "ಉರಿ ಅಜ್ಜಿ" ಅಂತ ಅಳುತ್ತಿದ್ದ. ಎರಡು ವರ್ಷ ತಿಕ್ಕಿದ್ದಾರೆ. ಕೊನೆಗೆ ಒಂದು ದಿನ ಜ್ವರಕ್ಕೆ ಅಂತ ಹೋದಾಗ ಡಾಕ್ಟರು ಥರ್ಮಾಮೀಟರ್ ಇಡುವ ಮೊದಲೇ ಕಾಲರ್ ಸರಿಸಿ ನೋಡಿದರು. ಕೊಳೆ ಅಲ್ಲವಂತೆ. ಮೈಯಲ್ಲಿ ಇನ್ಸುಲಿನ್ ಜಾಸ್ತಿ ಓಡಾಡಿದಾಗ ಚರ್ಮ ಹಾಗೆ ಮಖಮಲ್ಲಿನಂತೆ ದಪ್ಪವಾಗಿ ಕಪ್ಪಾಗುತ್ತದಂತೆ. ತಿಕ್ಕಿದರೆ ಇನ್ನೂ ಹೆಚ್ಚಾಗುತ್ತದಂತೆ. ಕಂಕುಳಲ್ಲೂ ಇತ್ತು, ನಾವು ನೋಡಿರಲಿಲ್ಲ.

ಡಯಟ್ ಅಂತ ಉಪವಾಸ ಹಾಕಿಸಲಿಲ್ಲ. ತೂಕ ಇಳಿಸುವುದು ಬೇಡ, ಎತ್ತರ ಏರುವವರೆಗೆ ತೂಕವನ್ನು ಹಿಡಿದು ನಿಲ್ಲಿಸಿ ಅಂದರು. ಜ್ಯೂಸ್, ಬಿಸ್ಕತ್ತು, ಆ ಐಸ್‌ಕ್ರೀಂ ಬಹುಮಾನ ನಿಂತಿತು. ಸಂಜೆ ಒಂದು ಗಂಟೆ ಪಾರ್ಕು. ಒಂದು ವರ್ಷಕ್ಕೆ 126 ಸೆಂಟಿಮೀಟರ್, 33 ಕೆಜಿ. ಕತ್ತು ಸ್ವಲ್ಪ ತಿಳಿಯಾಗಿದೆ, ಪೂರ್ತಿ ಹೋಗಿಲ್ಲ. ಕಷ್ಟವಾದದ್ದು ಊಟವಲ್ಲ. "ಸಾಕು" ಅನ್ನುವುದು ಅವನಿಗೆ ಗೊತ್ತೇ ಇರಲಿಲ್ಲ. ತಟ್ಟೆ ಖಾಲಿಯಾದರೆ ಊಟ ಮುಗಿಯಿತು ಅಂತ ಮಾತ್ರ ಗೊತ್ತಿತ್ತು. ಅದನ್ನು ಕಲಿಸಿದವನು ನಾನೇ.

ನಮ್ಮಮ್ಮ ಈಗ ಅವನ ಕತ್ತು ನೋಡಿದಾಗಲೆಲ್ಲ ಸುಮ್ಮನಾಗಿಬಿಡುತ್ತಾರೆ.

ಅಂಗನವಾಡಿ ಟೀಚರ್, ಹುಣಸೂರು ಕಡೆ

ಓದುತ್ತಾ ಒಂದು ಭಯ ಆಯಿತು. ಇದನ್ನು ನೋಡಿ ನಮ್ಮ ಹಾಡಿಯ ತಾಯಂದಿರು "ಸಣ್ಣ ಇದ್ದರೂ ಪರವಾಗಿಲ್ಲ" ಅಂದುಕೊಂಡರೆ? ಐದು ವರ್ಷದ ಒಳಗಿನ ಮಕ್ಕಳಲ್ಲಿ ನೂರಕ್ಕೆ ಮೂವತ್ತೈದು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲ ಅಂತ 2019-20ರ ಸರ್ವೆ ನಮ್ಮ ರಾಜ್ಯಕ್ಕೇ ಹೇಳಿದೆ. ನನ್ನ ಕೇಂದ್ರದಲ್ಲಿ ಹಳದಿ ಪಟ್ಟಿಯ ಮಕ್ಕಳಿದ್ದಾರೆ. ಅವರಿಗೆ ಇನ್ನೊಂದು ತುತ್ತು ಬೇಕೇ ಬೇಕು.

ನಾನು ನೋಡುವ ಗುರುತು ಹೇಳುತ್ತೇನೆ. ಎರಡು ಮೂರು ತಿಂಗಳು ತೂಕ ಒಂದೇ ಕಡೆ ನಿಂತರೆ. ಮಗು ಆಟ ಬಿಟ್ಟು ಮೂಲೆಯಲ್ಲಿ ಕೂತರೆ. ಮಣ್ಣು, ಸುಣ್ಣದ ಚಕ್ಕೆ, ಬಳಪ ತಿನ್ನುತ್ತಿದ್ದರೆ. ಇದನ್ನು ಚಟ ಅಂತ ಹೊಡೆಯುತ್ತಾರೆ, ಆದರೆ ಎಷ್ಟೋ ಸಲ ಅದು ರಕ್ತ ಕಡಿಮೆ ಇರುವ ಗುರುತು. ಕಳೆದ ವರ್ಷ ನಮ್ಮ ಕೇಂದ್ರದಲ್ಲಿ ಗೋಡೆ ನೆಕ್ಕುತ್ತಿದ್ದದ್ದು ಊರಲ್ಲೇ ಗುಂಡಗಿದ್ದ ಹುಡುಗಿ. ಯಾರೂ ನಂಬಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಎಂಟೂ ಇರಲಿಲ್ಲ. ಬೆಳಗ್ಗೆಯಿಂದ ರಾತ್ರಿವರೆಗೆ ಹಾಲು, ರಸ್ಕು.

ತೀರ್ಥಹಳ್ಳಿ ಸೊಸೆ

ಟೀಚರ್, ನಮ್ಮವಳು ಮಣ್ಣು ತಿನ್ನುವುದಿಲ್ಲ. ಆದರೂ ರಕ್ತ ಪರೀಕ್ಷೆ ಮಾಡಿಸುತ್ತೇನೆ. ಡಾಕ್ಟ್ರೇ, ಆ ಸಿರಪ್? ಮತ್ತೆ ನಾಳೆ ಬೆಳಗ್ಗೆಯಿಂದ ನಾನು ಏನು ಮಾಡಬೇಕು ಅಂತ ಸರಳವಾಗಿ ಹೇಳಿ. ಅತ್ತೆಗೂ ಒಪ್ಪುವ ಹಾಗೆ.

ಹಾಸನ ಮಕ್ಕಳ ಡಾಕ್ಟರು

ಸಿರಪ್ ಬಾಟಲಿಯ ಮೇಲೆ ಸೈಪ್ರೊಹೆಪ್ಟಡಿನ್ ಅಂತ ಇದೆಯಾ ನೋಡಿ. ಇದ್ದರೆ ಅದು ಮೂಲತಃ ಅಲರ್ಜಿಯ ಔಷಧಿ. ನಿದ್ದೆ ತರಿಸುತ್ತದೆ, ಜೊತೆಗೆ ಹಸಿವನ್ನೂ ಹೆಚ್ಚಿಸುತ್ತದೆ. ನಿಲ್ಲಿಸಿದ ಮೇಲೆ ಹಸಿವು ಮತ್ತೆ ಮೊದಲಿನ ಹಾಗೇ. ಕೆಲವು ಕಾಯಿಲೆಗಳಲ್ಲಿ ನಾವೂ ಬರೆಯುತ್ತೇವೆ. ಹಸಿರು ಪಟ್ಟಿಯಲ್ಲಿ ಓಡಾಡುವ ಮಗುವಿಗೆ ಅದರ ಕೆಲಸ ಇಲ್ಲ.

ನಾಳೆಯಿಂದ ಹಾಲನ್ನು ಚಿಕ್ಕ ಲೋಟಕ್ಕೆ ಇಳಿಸಿ, ದಿನಕ್ಕೆ ಎರಡು ಸಲ, ಊಟವಾದ ಮೇಲೆ. ಪೌಡರ್ ಬೇಡ. ಸಕ್ಕರೆಯನ್ನು ವಾರಕ್ಕೆ ಅರ್ಧ ಚಮಚದಂತೆ ಕಡಿಮೆ ಮಾಡುತ್ತಾ ಹೋಗಿ, ಒಂದೇ ಸಲ ತೆಗೆದರೆ ಕುಡಿಯುವುದಿಲ್ಲ. ಎರಡು ಊಟದ ನಡುವೆ ಎರಡೂವರೆ, ಮೂರು ಗಂಟೆ ನೀರು ಬಿಟ್ಟು ಏನೂ ಬೇಡ. ತಾತನಿಗೂ ಹೇಳಿ. ಆ ಹಸಿವೇ ನಿಮ್ಮ ಸಿರಪ್.

ತಟ್ಟೆಗೆ ಮೊದಲು ಹಾಕುವುದು ನಾಲ್ಕೇ ತುತ್ತು. ದೊಡ್ಡ ರಾಶಿ ನೋಡಿದರೆ ಮಗು ಮೊದಲೇ ಸೋಲುತ್ತದೆ. ನಾಲ್ಕು ಮುಗಿಸಿ ಕೇಳಿದರೆ ಮತ್ತೆ ಹಾಕಿ. ಅನ್ನವನ್ನು ನುಣ್ಣಗೆ ಪೇಸ್ಟ್ ಮಾಡಬೇಡಿ, ಅವಳಿಗೆ ಅಗಿಯಲು ಹಲ್ಲಿದೆ. ಕೈಯಲ್ಲಿ ಹಿಡಿಯುವಂಥದ್ದು ಏನಾದರೂ ಇರಲಿ, ದೋಸೆಯ ಚೂರು, ಬೇಯಿಸಿದ ಕ್ಯಾರೆಟ್ಟು, ಮೊಟ್ಟೆ ತಿನ್ನುವವರಾದರೆ ಅರ್ಧ ಮೊಟ್ಟೆ. ಸೊಪ್ಪಿನ ಸಾರಿಗೆ ನಿಂಬೆ ಹಿಂಡಿ, ಅದರ ಕಬ್ಬಿಣ ಮೈಗೆ ಹತ್ತುವುದು ಹೆಚ್ಚುತ್ತದೆ. ಅರ್ಧ ಗಂಟೆಗೆ ತಟ್ಟೆ ಎತ್ತಿಬಿಡಿ. ಬೈಯಬೇಡಿ, ಹೊಗಳಲೂಬೇಡಿ. ಏನು ಕೊಡಬೇಕು, ಯಾವಾಗ ಕೊಡಬೇಕು ಅನ್ನುವುದು ನಿಮ್ಮ ಕೆಲಸ. ಎಷ್ಟು ತಿನ್ನಬೇಕು ಅನ್ನುವುದು ಅವಳದು. ಅಳುವ ಮಗುವಿನ ಬಾಯಿಗೆ ಮಾತ್ರ ತುತ್ತು ತುರುಕಬೇಡಿ, ಉಸಿರುನಾಳಕ್ಕೆ ಹೋದರೆ ಕಷ್ಟ.

ಮೊದಲ ಮೂರು ನಾಲ್ಕು ದಿನ ಇನ್ನೂ ಕಡಿಮೆ ತಿನ್ನಬಹುದು. ಅಲ್ಲೇ ಎಲ್ಲರೂ ಸೋತು ಹಾಲಿಗೆ ವಾಪಸ್ ಹೋಗುವುದು.

ಇಂಡಿ ಅಜ್ಜಿ

ಡಾಕ್ಟರ್ ಸಾಹೇಬರೇ, ತುಪ್ಪ ಬಿಡಿಸಬೇಡಿರಿ.

ಹಾಸನ ಮಕ್ಕಳ ಡಾಕ್ಟರು

ಇಲ್ಲ ಅಜ್ಜಿ, ಒಂದು ಚಮಚ ಇರಲಿ.

ತೀರ್ಥಹಳ್ಳಿ ಸೊಸೆ

ಮೂರು ವಾರವಾಯಿತು, ಏನಾಯಿತು ಅಂತ ಹೇಳುತ್ತೇನೆ.

ಎರಡನೇ ದಿನ ರಾತ್ರಿ ಅವಳು ಎರಡು ತುತ್ತು ತಿಂದು ಮಲಗಿದಳು. ಅತ್ತೆ ನಿದ್ದೆ ಮಾಡಲಿಲ್ಲ. ಎರಡು ಗಂಟೆಗೆ ಅಡುಗೆಮನೆಯಲ್ಲಿ ಲೈಟ್ ಹತ್ತಿತು, ಹಾಲು ಬಿಸಿ ಮಾಡುತ್ತಿದ್ದರು. ನಾನು ಬಾಗಿಲಲ್ಲಿ ನಿಂತೆ. ಏನೂ ಹೇಳಲಿಲ್ಲ. ಅವರೇ ಆ ಹಾಲಿಗೆ ಹೆಪ್ಪು ಹಾಕಿ ಬಂದು ಮಲಗಿದರು.

ಐದನೇ ದಿನ ಬೆಳಗ್ಗೆ ಮಗು ತಾನೇ ಬಂದು "ಇಡ್ಲಿ" ಅಂದಳು. ಒಂದೂವರೆ ತಿಂದಳು. ಈಗ ಎರಡು ದಿನಕ್ಕೊಮ್ಮೆ ಹೊರಗೆ ಹೋಗುತ್ತಾಳೆ, ಅಳುವುದು ಕಡಿಮೆ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.6 ಬಂತು. ನಮ್ಮ ಡಾಕ್ಟರು ಕಬ್ಬಿಣದ ಡ್ರಾಪ್ಸ್ ಬರೆದಿದ್ದಾರೆ. ಮೊಬೈಲ್ ಮಾತ್ರ ಪೂರ್ತಿ ಬಿಡಿಸಲು ಆಗಿಲ್ಲ, ರಾತ್ರಿ ಊಟಕ್ಕೆ ನಮ್ಮವರು ಕದ್ದು ಕೊಡುತ್ತಾರೆ.

ನಿನ್ನೆ ಅತ್ತೆಯನ್ನೂ ಕರೆದುಕೊಂಡು ಅಂಗನವಾಡಿಗೆ ಹೋಗಿದ್ದೆ. ತೂಕ 11.6. ಟೀಚರ್ ಕಾರ್ಡ್ ಬಿಡಿಸಿ ಹಸಿರು ಪಟ್ಟಿ ತೋರಿಸಿದರು. ಅತ್ತೆ ಎಲ್ಲ ಕೇಳಿಸಿಕೊಂಡರು. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುತ್ತಾ "ಆ ತಕ್ಕಡಿ ಸರಿ ಇಲ್ಲ ಕಣೇ" ಅಂದರು.

ಅಂಗನವಾಡಿ ಟೀಚರ್, ಹುಣಸೂರು ಕಡೆ

ನಮ್ಮ ಕಡೆಯೂ ಅಜ್ಜಿಯರು ಹೀಗೇ ಅನ್ನುತ್ತಾರೆ. ಮುಂದಿನ ಸಲ ಹೋಗುವಾಗ ಒಡೆಯದ ಐದು ಕೆಜಿ ಅಕ್ಕಿ ಪ್ಯಾಕೆಟ್ ಒಂದು ತೆಗೆದುಕೊಂಡು ಹೋಗಿ. ಅದನ್ನು ತಕ್ಕಡಿಯ ಮೇಲೆ ಅತ್ತೆ ಕೈಯಲ್ಲೇ ಇಡಿಸಿ. ಐದು ತೋರಿಸಿದ ಮೇಲೆ ಮಗುವನ್ನು ನಿಲ್ಲಿಸಿ. ಪ್ಯಾಕೆಟ್ ಅವರೇ ಆರಿಸಿ ತರಲಿ, ಇಲ್ಲದಿದ್ದರೆ ಆಮೇಲೆ ಅಕ್ಕಿ ಕಡಿಮೆ ಇತ್ತು ಅನ್ನುತ್ತಾರೆ.